ಹತ್ತು ದಿನ, ಎಂಬತ್ತು ಅಂಕ

ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹತ್ತೇ ದಿನ ಉಳಿದಿದೆ, ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ಗೊತ್ತಾದಾಗ ನಮ್ಮ ಮನೆಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಒಂದೇ. ಪುಸ್ತಕದ ಮೊದಲ ಪಾಠದಿಂದ ಓದು ಶುರುವಾಗುತ್ತದೆ. ಮೂರನೇ ದಿನಕ್ಕೆ ಎರಡನೇ ಪಾಠದಲ್ಲಿ ಬಂಡಿ ನಿಲ್ಲುತ್ತದೆ. ಆಮೇಲೆ ಅಳು, ಬೈಗುಳ, ಕೊನೆಗೆ ದುವಾ. ದುವಾ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹತ್ತು ದಿನದಲ್ಲಿ ಪುಸ್ತಕ ಮುಗಿಸಲು ಹೊರಡುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ ಎಂದು ರಾಮಕೃಷ್ಣನಗರದ ನಮ್ಮ ಎದುರು ಮನೆಯ ನಿವೃತ್ತ ಗಣಿತ ಮೇಷ್ಟ್ರು ನಮಗೆ ತೋರಿಸಿಕೊಟ್ಟರು.

2025ರ ಮಾರ್ಚ್ ಅದು, ರಂಜಾನ್ ತಿಂಗಳು. ತಂಗಿಯ ಮಗಳು ಹತ್ತನೇ ತರಗತಿ. ಏಳನೆಯವರೆಗೆ ಉರ್ದು ಶಾಲೆ, ಅಲ್ಲಿಂದಾಚೆಗೆ ಕನ್ನಡ ಮಾಧ್ಯಮ. ನಾವು ಓದಿದ ದಾರಿಯೂ ಅದೇ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಅವಳಿಗೆ 80ಕ್ಕೆ 19 ಬಂದಿತ್ತು. "ಪಾಸಾದರೆ ಕಾಲೇಜು, ಇಲ್ಲದಿದ್ದರೆ ಹೊಲಿಗೆ ಕ್ಲಾಸು" ಎಂದು ಅವಳ ಅಬ್ಬಾ ಹೇಳಿಯಾಗಿತ್ತು. ಅವರ ಮನೆಯಲ್ಲಿ ಮೂವರು ಚಿಕ್ಕ ಮಕ್ಕಳ ಗದ್ದಲ. ಹಾಗಾಗಿ ತಂಗಿ ಅವಳನ್ನು ನಮ್ಮ ಮನೆಗೆ ಕಳಿಸಿದಳು. ಗಣಿತ ಪರೀಕ್ಷೆ 24ರ ಸೋಮವಾರ. ಅವಳು ಬಂದದ್ದು 14ರ ಶುಕ್ರವಾರ. ನಡುವೆ 21ಕ್ಕೆ ಕನ್ನಡ ಪರೀಕ್ಷೆ. ಅಂದರೆ ಹತ್ತು ದಿನದಲ್ಲಿ ಒಂದೂವರೆ ದಿನ ಆಗಲೇ ಕೈಬಿಟ್ಟಿತ್ತು.

ಮೇಷ್ಟ್ರು ಮೊದಲು ಕೇಳಿದ್ದು ಪುಸ್ತಕವನ್ನಲ್ಲ, ಆ 19 ಅಂಕದ ಉತ್ತರ ಪತ್ರಿಕೆಯನ್ನು. "ಸಾಹೇಬ್ರೇ, ಬಂದಿರೋ ಹತ್ತೊಂಬತ್ತು ಬಿಡಿ. ಹೋಗಿರೋ ಅರವತ್ತೊಂದು ಎಲ್ಲಿ ಹೋಯ್ತು ಅಂತ ಇವತ್ತು ಪೂರ್ತಿ ಹುಡುಕೋಣ" ಎಂದರು. ಮೊದಲ ದಿನದ ಪಾಠವೆಂದರೆ ಅಷ್ಟೇ. ಕಳೆದುಕೊಂಡ ಪ್ರತಿ ಅಂಕದ ಪಕ್ಕ ಅವಳೇ ಒಂದು ಗುರುತು ಹಾಕಬೇಕು: ವಿಷಯವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಡುವೆ ತಪ್ಪಾಯಿತೋ, ಗೊತ್ತಿದ್ದೂ ಸಮಯ ಸಾಲದೆ ಬರೆಯಲಿಲ್ಲವೋ. ಸಂಜೆಗೆ ಲೆಕ್ಕ ಸಿಕ್ಕಿತು. ಗೊತ್ತಿಲ್ಲದ್ದು 27, ನಡುವೆ ತಪ್ಪಿದ್ದು 20, ಬರೆಯದೆ ಬಿಟ್ಟದ್ದು 14. ಆ ವರ್ಷದ ನಿಯಮದಂತೆ ಬರವಣಿಗೆಯಲ್ಲಿ 80ಕ್ಕೆ 28 ಬೇಕಿತ್ತು. (ನಿಯಮ ಆಮೇಲೆ ಬದಲಾಗಿದೆ; ಓದುಗರು ತಮ್ಮ ಮಕ್ಕಳ ವರ್ಷದ್ದನ್ನು ಶಾಲೆಯಲ್ಲೇ ಕೇಳಿಕೊಳ್ಳಲಿ.) ಬೇಕಿದ್ದ ಒಂಬತ್ತು ಅಂಕ ಆ ತಪ್ಪಿದ ಇಪ್ಪತ್ತರೊಳಗೇ ಇತ್ತು. ಗೊತ್ತಿಲ್ಲದ ಇಪ್ಪತ್ತೇಳನ್ನು ಮೇಷ್ಟ್ರು ಮುಟ್ಟಲೇ ಇಲ್ಲ. ತ್ರಿಕೋನಮಿತಿಯ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಸಿದರು. ಅದು ಕಠಿಣ ತೀರ್ಮಾನವೇ. ಆದರೆ ಅವಳ ಮುಖದಲ್ಲಿ ಕಂಡ ನಿರಾಳವನ್ನು ನಾವು ನೋಡಿದೆವು.

ಪ್ರಶ್ನೆಪತ್ರಿಕೆಯ ಮೈಕಟ್ಟು ತಿಳಿಯದೆ ಇಂಥ ತೀರ್ಮಾನ ಸಾಧ್ಯವಿಲ್ಲ. ಒಟ್ಟು 38 ಪ್ರಶ್ನೆ. ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು ಒಂದು. ಇದರಲ್ಲಿ ಎರಡು ಚರಾಕ್ಷರಗಳ ಸಮೀಕರಣದ ನಕ್ಷೆ, ಸರಾಸರಿ ಅಥವಾ ಮಧ್ಯಾಂಕದ ಕೋಷ್ಟಕ, ಸ್ಪರ್ಶಕದ ಪ್ರಮೇಯ, ವರ್ಗ ಸಮೀಕರಣದ ಸೂತ್ರ, ಸಮಾಂತರ ಶ್ರೇಢಿ ಇವೆಲ್ಲ ವರ್ಷವರ್ಷವೂ ಯಾವುದೋ ವೇಷದಲ್ಲಿ ಬರುವಂಥವು. ಇವುಗಳಲ್ಲಿ ಹೊಸ ಉಪಾಯ ಹೊಳೆಯಬೇಕಾಗಿಲ್ಲ, ದಾರಿ ಗೊತ್ತಿದ್ದರೆ ಸಾಕು. ಗಣಿತದಲ್ಲಿ ಹಿಂದುಳಿದ ಮಗುವಿಗೆ ಬೇಕಾದದ್ದೂ ಇಂಥ ಪ್ರಶ್ನೆಗಳೇ.

ಎರಡನೇ ಮತ್ತು ಮೂರನೇ ದಿನ ಪೂರ್ತಿ ನಕ್ಷೆಗೆ ಹೋಯಿತು. ನಾಲ್ಕು ಅಂಕಕ್ಕೆ ಎರಡು ದಿನವೇ ಎಂದು ನಮಗೂ ಅನ್ನಿಸಿತ್ತು. ಆದರೆ ಅವಳ ಇಪ್ಪತ್ತು ಅಂಕಗಳ ಕಾಯಿಲೆಯೆಲ್ಲ ಆ ಒಂದು ಲೆಕ್ಕದಲ್ಲಿ ಕಾಣುತ್ತಿತ್ತು. ಲೆಕ್ಕ ಇದು: 2x + y = 6 ಮತ್ತು 2x − y = 2. ಮೊದಲನೆಯದರಿಂದ y = 6 − 2x. x ಗೆ 0, 1, 2 ಕೊಟ್ಟರೆ y ಗೆ 6, 4, 2. ಇದನ್ನು ಸರಿಯಾಗಿಯೇ ಮಾಡಿದಳು. ಎರಡನೆಯದಕ್ಕೆ y = 2 − 2x ಎಂದು ಬರೆದು 2, 0, −2 ಎಂದು ಕೋಷ್ಟಕ ತುಂಬಿ, ಅಳತೆಪಟ್ಟಿ ಇಟ್ಟು ಅಂದವಾಗಿ ಗೆರೆ ಎಳೆದಳು. ಎರಡು ಗೆರೆಗಳೂ ರೈಲು ಹಳಿಗಳ ಹಾಗೆ ಪಕ್ಕಪಕ್ಕ ಹೋದವು. "ಮಾಮೂ, ಇವು ಸೇರೋದೇ ಇಲ್ಲ" ಎಂದಳು.

ನಕ್ಷೆಗೆ ಎರಡು ಬಿಂದು ಸಾಲದು, ಮೂರು ಇರಲಿ ಎಂದು ಶಾಲೆಯಲ್ಲಿ ಹೇಳುತ್ತಾರೆ. ಎರಡು ಬಿಂದುಗಳ ನಡುವೆ ಗೆರೆ ಯಾವಾಗಲೂ ಬಂದೇ ಬರುತ್ತದೆ. ಒಂದು ತಪ್ಪಾಗಿದ್ದರೆ ಮೂರನೆಯದು ಗೆರೆಯಿಂದ ಹೊರಗೆ ನಿಂತು ಸಾಕ್ಷಿ ಹೇಳುತ್ತದೆ. ಇಲ್ಲಿ ಮೂರೂ ಒಂದೇ ಗೆರೆಯಲ್ಲಿದ್ದವು, ಆದರೂ ಲೆಕ್ಕ ತಪ್ಪು. ಕೂಡಿ ಕಳೆಯುವಾಗ ಆದ ತಪ್ಪನ್ನು ಮೂರನೇ ಬಿಂದು ಹಿಡಿಯುತ್ತದೆ, ಸಮೀಕರಣ ತಿರುವುವಾಗ ಆದದ್ದನ್ನು ಹಿಡಿಯುವುದಿಲ್ಲ. ಮೇಷ್ಟ್ರು ಕನ್ನಡಕ ಮೇಲೇರಿಸಿ ಹೇಳಿದರು: "ನೋಡು ಮಗು, 2x ಪಕ್ಷಾಂತರ ಮಾಡ್ತು, ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುತ್ತೆ, ಅದು ನಮ್ಮ ರಾಜಕೀಯದಲ್ಲೂ ಹಾಗೇ. ಆದರೆ ಎಡಗಡೇಲೇ ಉಳಿದಿದ್ದ y ಮುಂದಿನ ಮೈನಸ್ ಎಲ್ಲಿ ಹೋಯ್ತು?" 2x − y = 2 ಎಂಬುದರಲ್ಲಿ −y = 2 − 2x ಎಂದು ಬರೆದು, ಮುಂದಿನ ಸಾಲಿಗೆ ಬರುವಾಗ ಅವಳು ಮೈನಸ್ಸನ್ನು ದಾರಿಯಲ್ಲೇ ಬಿಟ್ಟಿದ್ದಳು. ಮದ್ದು ಸರಳವಾಗಿತ್ತು. ಮೈನಸ್ ಇರುವ y ಯನ್ನೇ ಬಲಗಡೆಗೆ ಕಳಿಸು, 2 ನ್ನು ಎಡಕ್ಕೆ ಕರೆ: 2x − 2 = y. ಈಗ 0, 1, 2 ಕ್ಕೆ −2, 0, 2. ಗೆರೆಗಳು (2, 2) ರಲ್ಲಿ ಕೂಡಿದವು. ಗೆರೆ ಎಳೆಯುವ ಮೊದಲು ಒಂದು ಬಿಂದುವನ್ನಾದರೂ ಕೊಟ್ಟ ಮೂಲ ಸಮೀಕರಣಕ್ಕೆ ಹಾಕಿ ನೋಡುವುದು ಎರಡನೇ ಕಟ್ಟುಪಾಡು. ಅವಳ ಹಳೆಯ (0, 2) ನ್ನು ಹಾಕಿದ್ದರೆ 0 − 2 ಎಂದರೆ 2 ಆಗುವುದಿಲ್ಲ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅದೇ ಮೈನಸ್ ಐದನೇ ದಿನ ವರ್ಗ ಸಮೀಕರಣದಲ್ಲಿ ಮತ್ತೆ ಸಿಕ್ಕಿತು. 2x² − 5x + 3 = 0. ಅವಳು b² ಅನ್ನು −25 ಎಂದು ಬರೆದಿದ್ದಳು. ಅದರಿಂದ 24 ಕಳೆದು −49, ಅದಕ್ಕೆ ವರ್ಗಮೂಲ ಎಲ್ಲಿಂದ ತರುವುದೆಂದು ಪೆನ್ನು ಕೆಳಗಿಟ್ಟಿದ್ದಳು. ಮೊದಲು a = 2, b = (−5), c = 3 ಎಂದು ಆವರಣ ಹಾಕಿ ಬರೆಯದೆ ಸೂತ್ರಕ್ಕೆ ಕೈ ಹಾಕಬಾರದು ಎಂದಾಯಿತು. (−5)² ಎಂದರೆ 25; 25 − 24 = 1; x = (5 ± 1)/4, ಅಂದರೆ 3/2 ಮತ್ತು 1. ವರ್ಗಮೂಲದೊಳಗೆ ಮೈನಸ್ ಸಂಖ್ಯೆ ಬಂದರೆ ಉತ್ತರ ಇಲ್ಲವೆಂದು ಬಿಟ್ಟುಬಿಡದೆ ಮೊದಲು b² ನೋಡು ಎಂದು ಅವಳು ತಾನೇ ರಟ್ಟಿನ ಮೇಲೆ ಬರೆದು ಅಂಟಿಸಿಕೊಂಡಳು.

ನಾಲ್ಕನೇ ದಿನ ಕೋಷ್ಟಕಗಳದ್ದು. ಅಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಧ್ಯಾಂಕದಲ್ಲಿ ಸಂಚಿತ ಆವೃತ್ತಿಯನ್ನು ಅದೇ ವರ್ಗಾಂತರದ್ದಲ್ಲ, ಅದರ ಹಿಂದಿನದ್ದು ತೆಗೆದುಕೊಳ್ಳಬೇಕು ಎಂಬುದೊಂದೇ ಅವಳು ಎಡವುತ್ತಿದ್ದ ಕಲ್ಲು.

ಆರನೇ ದಿನ ಪ್ರಮೇಯ. ಬಾಯಿಪಾಠ ಮಾಡಿದ್ದಳು, ಆದರೆ ನಡುವಿನ ಒಂದು ಸಾಲು ಮರೆತರೆ ಇಡೀ ಕಟ್ಟಡ ಕುಸಿಯುತ್ತಿತ್ತು. ಸ್ಪರ್ಶಕ ಎಂಬ ಪದವೇ ಅವಳಿಗೆ ಅರ್ಥವಾಗಿರಲಿಲ್ಲ. ಉರ್ದುವಿನಲ್ಲಿ ಅದು ಮಮಾಸ್ ಎಂದು ನಾವು ನೆನಪಿಸಿದೆವು; ಮಸ್ ಎಂದರೆ ಮುಟ್ಟುವುದು, ಸ್ಪರ್ಶವೂ ಅದೇ. ಮುಸಲ್ಲಸ್‌ನಲ್ಲಿ ಇರುವ ಮೂರು ತ್ರಿಭುಜದಲ್ಲೂ ಇದೆ. ಮಾಧ್ಯಮ ಬದಲಿಸಿದ ಮಕ್ಕಳು ಎಷ್ಟೋ ಸಲ ಗಣಿತದಲ್ಲಲ್ಲ, ಪದಗಳಲ್ಲಿ ಸೋಲುತ್ತಾರೆ ಎಂಬುದು ನಮ್ಮ ಅನಿಸಿಕೆ. ಆಮೇಲೆ ಅವಳು ಮಾತಿಲ್ಲದೆ ಚಿತ್ರವನ್ನೇ ನಾಲ್ಕು ಸಲ ಬರೆದಳು: ವೃತ್ತಕೇಂದ್ರ O, ಹೊರಗೆ P, ಮುಟ್ಟುವ ಬಿಂದುಗಳು A, B. OA, OB ತ್ರಿಜ್ಯಗಳು, ಆದ್ದರಿಂದ ಸಮ. OP ಎರಡೂ ತ್ರಿಭುಜಗಳಿಗೆ ಸೇರಿದ್ದು. A, B ಗಳಲ್ಲಿ ಲಂಬಕೋನ. ಎರಡು ತ್ರಿಭುಜಗಳೂ ಸರ್ವಸಮ, ಹಾಗಾಗಿ PA = PB. ಚಿತ್ರ ನೋಡಿ ಸಾಲು ಹುಟ್ಟತೊಡಗಿತು. ಚಿತ್ರ, ದತ್ತ, ಸಾಧನೀಯ ಇಷ್ಟಕ್ಕೂ ಅಂಕದಲ್ಲಿ ಪಾಲಿದೆ. ಸಾಧನೆ ಮರೆತರೂ ಹಾಳೆಯನ್ನು ಖಾಲಿ ಬಿಡಬಾರದು.

ಹೊತ್ತಿನ ಮಾತು ಹೇಳಬೇಕು. ಸಹರಿ, ಫಜ್ರ್ ಮುಗಿದ ಮೇಲೆ ಎರಡು ಗಂಟೆ, ಹತ್ತರಿಂದ ಹನ್ನೆರಡು, ಇಫ್ತಾರ್ ಆಗಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಒಂದು ಗಂಟೆ. ಹೊಸ ಲೆಕ್ಕವೆಲ್ಲ ಬೆಳಿಗ್ಗೆಗೆ. ಮಧ್ಯಾಹ್ನದ ನಂತರ ರೋಜಾದಲ್ಲಿ ಮಾಡಿಸಿದ ಲೆಕ್ಕಗಳಲ್ಲಿ ತಪ್ಪು ಹೆಚ್ಚುತ್ತಿದ್ದುದನ್ನು ನಾವೇ ಎಣಿಸಿ ನೋಡಿ, ಆ ಹೊತ್ತನ್ನು ನಿದ್ದೆಗೆ ಬಿಟ್ಟೆವು. 20ರಂದು ಗಣಿತ ಪುಸ್ತಕ ಮುಚ್ಚಿತು. 21ಕ್ಕೆ ಕನ್ನಡ ಬರೆದು ಬಂದ ಸಂಜೆ ಸಂಭವನೀಯತೆಯ ನಾಲ್ಕು ಲೆಕ್ಕ ಮಾತ್ರ.

22ರ ಶನಿವಾರ ಕರ್ನಾಟಕ ಬಂದ್ ಕರೆ ಇತ್ತು. ನಾವು ಎಲ್ಲಿಗೂ ಹೊರಡುವಂತಿರಲಿಲ್ಲ. ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ತಮ್ಮ ಮನೆಯ ಊಟದ ಮೇಜಿನ ಮುಂದೆ ಕೂರಿಸಿ, ಗಡಿಯಾರ ಎದುರಿಗಿಟ್ಟರು. ಓದಲು 15 ನಿಮಿಷ, ಬರೆಯಲು ಮೂರು ಗಂಟೆ. ಫಲ 31. ಆದರೆ ಐದು ಅಂಕದ ಒಂದೇ ಪ್ರಶ್ನೆಯಲ್ಲಿ ಅವಳು 35 ನಿಮಿಷ ಕಳೆದು, ಗೊತ್ತಿದ್ದ ಪ್ರಮೇಯ ಬರೆಯದೆ ಎದ್ದಿದ್ದಳು. 180 ನಿಮಿಷಕ್ಕೆ 80 ಅಂಕವೆಂದರೆ ಅಂಕವೊಂದಕ್ಕೆ ಎರಡು ನಿಮಿಷಕ್ಕಿಂತ ಕೊಂಚ ಹೆಚ್ಚು. ಐದು ಅಂಕಕ್ಕೆ ಹನ್ನೊಂದು ನಿಮಿಷ, ಅದಾದ ಮೇಲೆ ಜಾಗ ಬಿಟ್ಟು ಮುಂದಕ್ಕೆ. ಒಂದು ಅಂಕದವು, ನಕ್ಷೆ, ಪ್ರಮೇಯ, ಕೋಷ್ಟಕ, ಆಮೇಲೆ ಉಳಿದದ್ದು ಎಂದು ಬರೆಯುವ ಸರದಿಯೂ ಅಂದೇ ನಿಶ್ಚಯವಾಯಿತು. ಹತ್ತನೇ ದಿನ ಹೊಸದೇನೂ ಇಲ್ಲ. ಬಂದ್ ದಿನ ತಪ್ಪಿದ ಆರು ಲೆಕ್ಕಗಳನ್ನು ಮತ್ತೆ ಮಾಡಿ, ತರಾವೀಹ್ ಹೊತ್ತಿಗೆಲ್ಲ ಮಲಗಿದಳು.

ಈ ಪಟ್ಟಿ ಎಲ್ಲ ಮಕ್ಕಳಿಗೂ ಒಗ್ಗದು. ಅವಳಿಗೆ ಮಗ್ಗಿ ಬರುತ್ತಿತ್ತು, ಭಿನ್ನರಾಶಿ ಕೂಡಲು ಬರುತ್ತಿತ್ತು. ಅದೂ ಬಾರದ ಮಗುವಿಗೆ ಹತ್ತು ದಿನ ಸಾಲದು. ಅಂಥವರಿಗೆ 2024ರಿಂದ ವರ್ಷದಲ್ಲಿ ನಡೆಯುತ್ತಿರುವ ಎರಡನೇ ಪರೀಕ್ಷೆಯ ಹೊತ್ತಿಗೆ ಸಿದ್ಧಪಡಿಸುವುದೇ ಮೇಲು ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಸೋಮವಾರ ಪರೀಕ್ಷೆ ಮುಗಿಸಿ ಬಂದು ಅವಳು ಪ್ರಶ್ನೆಪತ್ರಿಕೆಯ ಮೇಲೆ ಗುರುತು ಹಾಕಿ 44 ಎಂದಳು. ಮೇಷ್ಟ್ರು ಕೆಂಪು ಪೆನ್ನು ಹಿಡಿದು, ಒಂದೊಂದೇ ಕೇಳಿ, 38 ಎಂದರು. ಮೇ 2ಕ್ಕೆ ಫಲಿತಾಂಶ ಬಂತು, ಬರವಣಿಗೆಯಲ್ಲಿ 40. ಅವಳ ಅಬ್ಬಾ ಪಿಯು ಅರ್ಜಿ ತರಲು ತಾವೇ ಹೋದರು. ಪುಸ್ತಕ ನಮ್ಮಲ್ಲೇ ಉಳಿದಿದೆ, ತ್ರಿಕೋನಮಿತಿಯ ಪುಟಗಳ ಮೇಲೆ ರಬ್ಬರ್ ಬ್ಯಾಂಡ್ ಹಾಗೇ ಇದೆ.