ಒಂದು ಸಂಖ್ಯೆಯೊಳಗಿನ ಬೆಟ್ಟಗಳು

ಖಾಲಿ ಪರದೆಯ ಮುಂದೆ ಕೂತು ಸೀಡ್ ಜಾಗದಲ್ಲಿ ಯಾವುದೋ ಒಂದು ಸಂಖ್ಯೆ ಒತ್ತಿದರೆ, ಕಣ್ಣೆದುರೇ ಬೆಟ್ಟ, ಕಣಿವೆ, ಬಯಲು ಮೇಲೇಳುತ್ತವೆ. ಆಟ ಮುಚ್ಚಿ, ನಾಳೆ ಅದೇ ಸಂಖ್ಯೆ ಕೊಟ್ಟರೆ ಅದೇ ಬೆಟ್ಟ ಅದೇ ಜಾಗದಲ್ಲಿ ನಿಂತಿರುತ್ತದೆ. ಡಿಸ್ಕಿನಲ್ಲಿ ಅದರ ಒಂದು ಕಲ್ಲನ್ನೂ ಉಳಿಸಿಟ್ಟಿರುವುದಿಲ್ಲ. ಹೋದಾಗಲೆಲ್ಲ ಅದನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ, ಲೆಕ್ಕ ಪ್ರತಿಸಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದರ ಬೆರಗು ತೀರಿಲ್ಲ.

ಈ ಲೆಕ್ಕದ ಜೀವಾಳ ನಯವಾದ ನಾಯ್ಸ್. 1982ರ ‘ಟ್ರಾನ್’ ಸಿನಿಮಾಕ್ಕೆ ದುಡಿದಿದ್ದ ಕೆನ್ ಪರ್ಲಿನ್‌ಗೆ ಅಂದಿನ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಹಿಡಿಸಿರಲಿಲ್ಲ. ಆ ಅತೃಪ್ತಿಯಿಂದ ಹುಟ್ಟಿದ ವಿಧಾನವನ್ನು ಅವರು 1985ರಲ್ಲಿ ಪ್ರಕಟಿಸಿದರು. 1997ರಲ್ಲಿ ಅದಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ನೆಲದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಸಮ ಅಂತರದಲ್ಲಿ ಬಿಂದುಗಳನ್ನು ಇಡಿ. ಪ್ರತಿ ಚುಕ್ಕಿಗೂ ಎತ್ತರ ಕೊಡುವುದಿಲ್ಲ, ಇಳಿಜಾರು ಕೊಡುತ್ತೇವೆ. ಪರ್ಲಿನ್ನರ ಜಾಣ್ಮೆ ಇರುವುದು ಇಲ್ಲೇ. ಸರಳವಾಗಲೆಂದು ಒಂದೇ ಗೆರೆಯ ಮೇಲೆ ನಡೆಯೋಣ. ನೂರು ಮೀಟರಿಗೊಂದು ಚುಕ್ಕಿ. ನಾವು ನಿಂತಿರುವುದು 425ನೇ ಮೀಟರಿನಲ್ಲಿ, ಅಂದರೆ 4ನೇ ಚುಕ್ಕಿ ದಾಟಿ ಕಾಲು ಭಾಗ. 4ನೇ ಚುಕ್ಕಿಯ ಇಳಿಜಾರು 0.6 ಇದ್ದರೆ ಅದು ನಮಗೆ ಹೇಳುವ ಎತ್ತರ 0.6 × 0.25, ಅಂದರೆ 0.15. 5ನೇ ಚುಕ್ಕಿಯ ಇಳಿಜಾರು −0.4, ಅದರಿಂದ ನಾವು 0.75 ಹಿಂದಿದ್ದೇವೆ, ಹಾಗಾಗಿ ಅದು ಹೇಳುವುದು 0.30. ಎರಡನ್ನೂ ಬೆರೆಸಬೇಕು, ಆದರೆ ನೇರ ಅನುಪಾತದಲ್ಲಿ ಬೆರೆಸಿದರೆ ಚುಕ್ಕಿಗಳ ಬಳಿ ನೆಲ ಮುರಿದಂತೆ ಕಾಣುತ್ತದೆ. ಅದಕ್ಕೇ 2002ರಲ್ಲಿ ಪರ್ಲಿನ್ ತಿದ್ದಿಕೊಟ್ಟ ಈ ಸೂತ್ರ:

```
6t^5 - 15t^4 + 10t^3
```

t ಜಾಗದಲ್ಲಿ 0.25 ಇಟ್ಟರೆ ಸುಮಾರು 0.10 ಬರುತ್ತದೆ. 0.15ರಿಂದ 0.30ರ ಕಡೆಗೆ ಅಷ್ಟೇ ಪಾಲು ಸರಿದರೆ ಸುಮಾರು 0.166. ನಾಯ್ಸಿನ ಒಂದು ಅಂಕಕ್ಕೆ 40 ಮೀಟರ್ ಎಂದಿಟ್ಟುಕೊಂಡರೆ ನಮ್ಮ ಕಾಲ ಕೆಳಗಿನ ನೆಲದ ಎತ್ತರ ಆರೂವರೆ ಮೀಟರಿಗಿಂತ ತುಸು ಹೆಚ್ಚು.

ಇಷ್ಟರಿಂದ ದೊಡ್ಡ ಮೃದು ಗುಡ್ಡಗಳು ಮಾತ್ರ ಬರುತ್ತವೆ. ಅದರ ಮೇಲೆ 50 ಮೀಟರ್ ಅಂತರದ, 20 ಮೀಟರ್ ಎತ್ತರದ ಇನ್ನೊಂದು ಪದರ. ಮತ್ತೆ 25ಕ್ಕೆ 10, ಹೀಗೆ ಎರಡನ್ನೂ ಅರ್ಧಕ್ಕಿಳಿಸುತ್ತಾ ಕೂಡಿಸಿದಾಗ ಬೆಟ್ಟಕ್ಕೆ ಒರಟು ಮೈ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಚುಕ್ಕಿಯ ಮೇಲೇ ನಿಂತರೆ ನಾಯ್ಸಿನ ಬೆಲೆ ಯಾವಾಗಲೂ ಸೊನ್ನೆ. ಎಲ್ಲ ಪದರಗಳ ಚುಕ್ಕಿಗಳೂ 400, 500ನೇ ಮೀಟರಿನಲ್ಲಿ ಒಂದರ ಮೇಲೊಂದು ಬಿದ್ದರೆ ಅಲ್ಲೆಲ್ಲ ನೆಲ ಸರಿಯಾಗಿ ಒಂದೇ ಮಟ್ಟಕ್ಕೆ ಬರುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಆ ಚೌಕಳಿ ಸಿಕ್ಕಿಬಿಡುತ್ತದೆ. ಪ್ರತಿ ಪದರವನ್ನೂ ಒಂದಿಷ್ಟು ಬೇರೆ ಬೇರೆ ದೂರ ಸರಿಸಿಟ್ಟರೆ ಸಾಕು, ಅದು ಮಾಯ.

ಇನ್ನು ಸೀಡಿನ ಮಾತು. ಚುಕ್ಕಿಯ ಇಳಿಜಾರು ಎಲ್ಲಿಂದ ಬರಬೇಕು? ಸೀಡ್ ಕೊಟ್ಟು ಯಾದೃಚ್ಛಿಕ ಸಂಖ್ಯೆಗಳ ಯಂತ್ರವನ್ನು ಶುರುಮಾಡಿ, ಆಟಗಾರ ಹೊಸ ಜಾಗಕ್ಕೆ ಬಂದಂತೆ ಒಂದೊಂದು ಸಂಖ್ಯೆ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದೇ ಕೆಟ್ಟ ದಾರಿ. ಮೊದಲು ಪೂರ್ವಕ್ಕೆ ಹೋದವನಿಗೆ ಒಂದು ಲೋಕ, ಉತ್ತರಕ್ಕೆ ಹೋದವನಿಗೆ ಇನ್ನೊಂದು. ನಡೆದ ಕ್ರಮ ಲೆಕ್ಕದೊಳಗೆ ನುಸುಳಲೇಬಾರದು. ಸೀಡನ್ನೂ ಚುಕ್ಕಿಯ ಸ್ಥಾನವನ್ನೂ ಮಾತ್ರ ತೆಗೆದುಕೊಂಡು ಚೆನ್ನಾಗಿ ಕಲಸಿ ಸಂಖ್ಯೆ ಕೊಡುವ ಹ್ಯಾಶ್ ಬೇಕು:

```
g = hash(seed, x, z)
```

ಆಗ ಯಾರು ಯಾವ ದಿಕ್ಕಿನಿಂದ ಬಂದರೂ ಆ ಚುಕ್ಕಿ ಒಂದೇ ಉತ್ತರ ಹೇಳುತ್ತದೆ. ನೆಲವನ್ನು ತುಂಡು ತುಂಡಾಗಿ ಕಟ್ಟಿದರೂ, ತುಂಡಿನೊಳಗಿನ ಸ್ಥಾನ ಬಿಟ್ಟು ಇಡೀ ಲೋಕದ ಸ್ಥಾನವನ್ನೇ ಕೊಟ್ಟರೆ ಅಂಚುಗಳು ತಾವಾಗಿ ಕೂಡಿಕೊಳ್ಳುತ್ತವೆ.

ನದಿ ಮಾತ್ರ ಇದಕ್ಕೆ ಒಲಿಯುವುದಿಲ್ಲ. ನೀರಿಗೆ ಮೇಲಿನ ನೆಲವೂ ಗೊತ್ತಿರಬೇಕು, ಕೆಳಗಿನದೂ ಗೊತ್ತಿರಬೇಕು. ಇಲ್ಲಿ ಪ್ರತಿ ಬಿಂದುವೂ ತನ್ನಷ್ಟಕ್ಕೆ ಲೆಕ್ಕವಾಗುತ್ತದೆ. ಆಟಗಾರ ಅಗೆದ ಗುಂಡಿ, ಕಟ್ಟಿದ ಮನೆಯೂ ಸೀಡಿನಲ್ಲಿಲ್ಲ, ಅವನ್ನು ಬೇರೆಯಾಗಿ ಉಳಿಸಬೇಕು. ಸೂತ್ರದ ಒಂದು ಅಂಕೆ ಬದಲಾದರೂ ಹಳೆಯ ಸೀಡಿನಿಂದ ಹಳೆಯ ಬೆಟ್ಟ ಸಿಗದು. ಹೊಸ ಆವೃತ್ತಿಯ ಮೈನ್‌ಕ್ರಾಫ್ಟ್‌ನಲ್ಲಿ ಹಳೆಯ ಸೀಡ್ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು.

ನೀವೂ ಇಂಥ ಲೋಕ ಕಟ್ಟಲು ಕೂತರೆ ಮೊದಲು ಈ ಪರೀಕ್ಷೆ ಮಾಡಿ: ಒಂದೇ ಸೀಡಿನಿಂದ ಎರಡು ಸಲ ಶುರುಮಾಡಿ, ಒಮ್ಮೆ ಪೂರ್ವದಿಂದ, ಒಮ್ಮೆ ಪಶ್ಚಿಮದಿಂದ ಅದೇ ಬಿಂದುವಿಗೆ ನಡೆದು ಬನ್ನಿ. ಎರಡು ಎತ್ತರಗಳು ಕೊನೆಯ ಅಂಕೆಯವರೆಗೂ ಒಂದೇ ಇರಬೇಕು.