ಮಾಷ್ಟ್ರ ಕಾರ್ಡಿನಲ್ಲಿದ್ದ 23

ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮಾಷ್ಟ್ರೊಬ್ಬರಿಗೆ ಈಗ 71 ವರ್ಷ. ಅವರಿಗೆ ಸಿಒಪಿಡಿ ಇದೆ. ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ, ಇನ್ಹೇಲರ್ ಕಿಸೆಯಲ್ಲೇ ಇರುತ್ತದೆ. ಮಳೆಗಾಲಕ್ಕೆ ಮೊದಲು ನ್ಯುಮೋನಿಯಾ ಲಸಿಕೆಯ ಮಾತು ಬಂದಾಗ ಅವರು, "ಅದು 2023ರಲ್ಲೇ ಆಗಿದೆ ಮಾರಾಯ್ರೆ, ಇನ್ನೆಂತದ್ದು?" ಅಂದರು. ಡಾಕ್ಟರು ಮಾತ್ರ ಹಳೇ ಕಾರ್ಡು ತರಲು ಹೇಳಿದರು. ಅದರಲ್ಲಿ ಪಿಪಿಎಸ್‌ವಿ 23 ಎಂದು ಬರೆದಿತ್ತು. ಮಾಷ್ಟ್ರ ವಿಷಯದಲ್ಲಿ ಎಲ್ಲವೂ ತೀರ್ಮಾನವಾದದ್ದು ಆ 23ರಿಂದಲೇ.

ನ್ಯುಮೋಕಾಕಸ್ ಎಂಬ ಈ ರೋಗಾಣುವಿನ ಮೈಮೇಲೆ ಸಕ್ಕರೆ ಜಾತಿಯ ವಸ್ತುವಿನ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಹಳೆಯ ಲಸಿಕೆಯಲ್ಲಿ 23 ಬಗೆಯ ಹೊದಿಕೆಯ ಸಕ್ಕರೆ ಮಾತ್ರ ಇದೆ. ಬರೀ ಸಕ್ಕರೆಯನ್ನು ಕಂಡ ನಮ್ಮ ರಕ್ಷಣಾ ವ್ಯವಸ್ಥೆ ಪ್ರತಿಕಾಯ ತಯಾರಿಸುತ್ತದೆ, ಆದರೆ ನೆನಪಿಟ್ಟುಕೊಳ್ಳುವುದಿಲ್ಲ. ಕೆಲವು ವರ್ಷಗಳಲ್ಲಿ ಬಲ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಹುಡುಗನ ಹಾಗೆ!

ಪಿಸಿವಿ ಎಂಬ ಇನ್ನೊಂದು ಜಾತಿಯ ಲಸಿಕೆಯಲ್ಲಿ ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿರುತ್ತಾರೆ. ಪ್ರೋಟೀನು ಸಿಕ್ಕಿದರೆ ಟಿ ಕಣಗಳು ಸಹಾಯಕ್ಕೆ ಬರುತ್ತವೆ, ನೆನಪು ಉಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ 65 ದಾಟಿದ ಸುಮಾರು 85,000 ಜನರಲ್ಲಿ ಪಿಸಿವಿ 13ನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಸಿಕೆಯಲ್ಲಿದ್ದ ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು ಶೇಕಡಾ 45ರಷ್ಟು, ರಕ್ತಕ್ಕೆ ಹರಡುವಂಥ ತೀವ್ರ ಸೋಂಕು ಶೇಕಡಾ 75ರಷ್ಟು ಕಡಿಮೆಯಾಗಿತ್ತು. ವೈರಸ್ಸಿನಿಂದಲೋ ಬೇರೆ ರೋಗಾಣುವಿನಿಂದಲೋ ಬರುವ ನ್ಯುಮೋನಿಯಾಕ್ಕೆ ಇದು ತಡೆಯಲ್ಲ. ಸೂಜಿ ಹಾಕಿಸಿದ ಮೇಲೂ ನ್ಯುಮೋನಿಯಾ ಬಂತಲ್ಲ ಎಂದು ಗೊಣಗುವವರಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

23ರದ್ದು ಮೊದಲು ಆಗಿದ್ದರೆ ಕನಿಷ್ಠ ಒಂದು ವರ್ಷ ಬಿಟ್ಟು ಪಿಸಿವಿ ಕೊಡಬೇಕು. ಮಾಷ್ಟ್ರಿಗೆ ಆ ಅವಧಿ ಯಾವಾಗಲೋ ಕಳೆದಿತ್ತು, ಆದ್ದರಿಂದ ಪಿಸಿವಿ 20ರ ಒಂದು ಡೋಸು ಕೊಟ್ಟರು. ಅಲ್ಲಿಗೆ ಅವರ ಲೆಕ್ಕ ಮುಗಿಯಿತು. ಏನೂ ಹಾಕಿಸದವರಿಗೂ ಪಿಸಿವಿ 20 ಒಂದೇ ಸಾಕು. ಪಿಸಿವಿ 13 ಸಿಕ್ಕಿದವರು ಮಾತ್ರ, ಸಾಮಾನ್ಯವಾಗಿ ಒಂದು ವರ್ಷದ ನಂತರ, 23ರದ್ದನ್ನೂ ಹಾಕಿಸಿಕೊಳ್ಳಬೇಕಾಗುತ್ತದೆ. ಸಣ್ಣ ಮಕ್ಕಳಿಗೆ ಸರಕಾರ ಪಿಸಿವಿ ಉಚಿತವಾಗಿ ಕೊಡುತ್ತದೆ, ಅಜ್ಜ ಅಜ್ಜಿಯರು ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಪಿಂಚಣಿಯವರಿಗೆ ಅದು ಸಣ್ಣ ಮೊತ್ತವಲ್ಲ.

ಮಾಷ್ಟ್ರಿಗೆ ಎರಡು ದಿನ ತೋಳು ನೋಯಿತು, ಒಂದು ರಾತ್ರಿ ಮೈ ಬೆಚ್ಚಗಾಯಿತು, ಅಷ್ಟೇ. ದಮ್ಮು ಜೋರಾಗಿ ಜ್ವರ ಬಂದಿರುವ ದಿನವಾದರೆ ಡಾಕ್ಟರು ಮುಂದಕ್ಕೆ ಹಾಕುತ್ತಾರೆ. ಫ್ಲೂ ಲಸಿಕೆ ಬೇರೆ, ಅದನ್ನು ವರ್ಷವರ್ಷ ಹಾಕಿಸಬೇಕು. ಎರಡನ್ನೂ ಒಂದೇ ದಿನ ಒಂದೊಂದು ತೋಳಿಗೆ ಹಾಕಿಸಬಹುದು. ಕಾರ್ಡಿನಲ್ಲಿ "ನ್ಯುಮೋನಿಯಾ ಲಸಿಕೆ" ಎಂದಷ್ಟೇ ಗೀಚಿದರೆ ಒಪ್ಪಬೇಡಿ, ತಾರೀಕಿನ ಜೊತೆ ಪೂರ್ತಿ ಹೆಸರನ್ನೂ ಸಂಖ್ಯೆಯನ್ನೂ ಬರೆಸಿಕೊಳ್ಳಿ.