ಆ ಒಂದು ರೂಪಾಯಿ ಎಲ್ಲಿ ಹೋಯ್ತು?

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಐಡಿ ಕಾರ್ಡ್‌ನಲ್ಲಿ ಇನ್ನೂ ‘ಟ್ರೇನಿ’ ಅಂತಲೇ ಇತ್ತು. ಒಂದು ಮಧ್ಯಾಹ್ನ ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಫೋನ್ ಬಂತು.

“ಸಾರ್, ನಿಮ್ಮ ಪಟ್ಟೀಲಿ ಒಂದ್ ರೂಪಾಯಿ ತಪ್ಪು ಬತ್ತಾ ಅದೆ.”

ಮಾತಾಡಿದ್ದು ಮಂಡ್ಯ ಕಡೆಯ ಒಂದು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಅವರ ಸಂಘಕ್ಕೆ ವಾರದ ಬಟವಾಡೆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿಕೊಡುವುದು ನನ್ನ ಮೊದಲ ಸ್ವತಂತ್ರ ಕೆಲಸ. ಅರವತ್ತು ಜನ ಸದಸ್ಯರು. ಒಬ್ಬೊಬ್ಬರು ವಾರದಲ್ಲಿ ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ನೋಡಿ ಸಿಕ್ಕ ದರ ಎಷ್ಟು, ಎರಡನ್ನೂ ಗುಣಿಸಿದರೆ ಎಷ್ಟು ದುಡ್ಡು, ಕೊನೆಗೆ ಒಟ್ಟು. ಇಷ್ಟೇ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಇದೊಂದು ಕೆಲಸವಾ ಅಂತ ಒಳಗೊಳಗೇ ಅಂದುಕೊಂಡಿದ್ದೆ.

ಪೈಸೆ ಕಂಡರೆ ಪಟ್ಟಿ ಗಜಿಬಿಜಿ ಆಗುತ್ತದೆ, ಹೇಗೂ ಕೈಗೆ ಕೊಡೋದು ಇಡೀ ರೂಪಾಯಿ ಅಂತ ಅವರೇ ಹೇಳಿದ್ದರು. ನಾನು ಆ ಕಾಲಂ ಸೆಲೆಕ್ಟ್ ಮಾಡಿ, ದಶಮಾಂಶ ಕಡಿಮೆ ಮಾಡುವ ಬಟನ್ ಎರಡು ಸಲ ಒತ್ತಿದ್ದೆ. ಪೈಸೆ ಮಾಯ. ಪಟ್ಟಿ ನೀಟಾಗಿತ್ತು.

“ಕ್ಯಾಲ್ಕುಲೇಟರ್ ಸರಿಯಾಗಿ ಒತ್ತಿದ್ರಾ ಸಾರ್?” ಅಂತ ಕೇಳಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷದಿಂದ ಕೈಯಲ್ಲಿ ಬಟವಾಡೆ ಬರೆದವರು ಅವರು. “ಮೂರ್ ಸಲ ಕೂಡಿದೀನಿ ಕಣಪ್ಪಾ” ಅಂದರು. ಸಾರ್ ಹೋಗಿ ಅಪ್ಪಾ ಬಂದಿತ್ತು.

ವಿಷಯ ಒಂದು ರೂಪಾಯಿದಲ್ಲ. ಪಟ್ಟಿಯ ಕೊನೆಯ ಒಟ್ಟು ನೋಡಿ ಅವರು ಬ್ಯಾಂಕಿನಿಂದ ದುಡ್ಡು ಬಿಡಿಸುತ್ತಿದ್ದರು. ಸಾಲು ಸಾಲಾಗಿ ಹಂಚಿ ಮುಗಿಸಿದಾಗ ಒಂದು ರೂಪಾಯಿ ಕೈಯಲ್ಲೇ ಉಳಿಯುತ್ತಿತ್ತು. ಹಿಂದಿನ ವಾರ ಎರಡು ರೂಪಾಯಿ ಸಾಲದೆ ತಮ್ಮ ಜೇಬಿನಿಂದ ಹಾಕಿದ್ದರಂತೆ. ಈ ವಾರ ಸರದಿಯಲ್ಲಿ ನಿಂತಿದ್ದ ಯಾರೋ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮೊಬೈಲ್‌ನಲ್ಲಿ ಕೂಡಿ ನೋಡಿ, “ಕಂಪ್ಯೂಟರ್ ಬಂದ್ಮ್ಯಾಲೆ ಕಾರ್ಯದರ್ಶಿಗೆ ವಾರವಾರ ಉಳಿತಾಯ” ಅಂತ ನಕ್ಕಿದ್ದರು. ತಮಾಷೆಗೇ ಅಂದಿರಬಹುದು. ಇವರಿಗೆ ನಿದ್ದೆ ಬಂದಿರಲಿಲ್ಲ.

ಆ ಸಂಜೆ ನಾನು ಪಟ್ಟಿ ಬಿಚ್ಚಿಕೊಂಡು ಕೂತೆ. ಇಲ್ಲಿ ಅರ್ಥವಾಗಲೆಂದು ಮೂರೇ ಸಾಲು ಕೊಡುತ್ತೇನೆ. ಮೊದಲನೆಯವರು 35.5 ಲೀಟರ್, ದರ 26.40. ಎರಡನೆಯವರು 28.4 ಲೀಟರ್, ದರ 26.10. ಮೂರನೆಯವರು 24.3 ಲೀಟರ್, ದರ 26.60. ಪರದೆ ಮೇಲೆ ಕಾಣುತ್ತಿದ್ದದ್ದು 937, 741, 646. ಕೆಳಗೆ ಒಟ್ಟು 2325. ನೀವೇ ಕೂಡಿ ನೋಡಿ, 2324 ಬರುತ್ತದೆ.

ಒಟ್ಟಿನ ಸೂತ್ರದಲ್ಲಿ ಯಾವುದೋ ಸಾಲು ಬಿಟ್ಟುಹೋಗಿದೆಯಾ ನೋಡಿದೆ, ಇಲ್ಲ. ಎಲ್ಲೋ ಮುಚ್ಚಿಟ್ಟ ಸಾಲಿದೆಯಾ? ಅದೂ ಇಲ್ಲ. ಆಮೇಲೆ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಕಂಪ್ಯೂಟರ್ ದಶಮಾಂಶಗಳನ್ನು ಬೈನರಿಯಲ್ಲಿ ಇಡುತ್ತದೆ, 0.1 ಮತ್ತು 0.2 ಕೂಡಿಸಿದರೆ ಎಷ್ಟೋ ಭಾಷೆಗಳಲ್ಲಿ 0.30000000000000004 ಬರುತ್ತದೆ, ಇದು ಅದೇ ಇರಬೇಕು! ಕಾಲೇಜಲ್ಲಿ ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂತ ಖುಷಿಯಾಯಿತು. ಆದರೆ ಆ ತಪ್ಪು ಇರೋದು ಹದಿನೇಳನೇ ದಶಮಾಂಶ ಸ್ಥಾನದಲ್ಲಿ. ಅರವತ್ತು ಸಾಲು ಕೂಡಿಸಿದರೆ ಅದು ಒಂದು ಪೈಸೆಯ ಹತ್ತಿರವೂ ಸುಳಿಯುವುದಿಲ್ಲ, ರೂಪಾಯಿ ಎಲ್ಲಿಂದ ಬರಬೇಕು.

ಕೊನೆಗೆ ಒಂದು ‘ಪ್ರಯೋಗ’ ಮಾಡಿದೆ. ಆ ಕಾಲಂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ಎತ್ತಿ ಹೊಸ ಎಕ್ಸೆಲ್ ಹಾಳೆಗೆ ಹಾಕಿ ಒಟ್ಟು ಹೊಡೆದೆ. 2324! ಅದೇ ಅಂಕಿ, ಅದೇ ಎಕ್ಸೆಲ್, ಎರಡು ಹಾಳೆ, ಎರಡು ಒಟ್ಟು. ಎಕ್ಸೆಲ್‌ನಲ್ಲೇ ದೋಷ ಹಿಡಿದೆ ಅಂತ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ನಮ್ಮ ಲೀಡ್ ಮೇಡಂ ಹತ್ತಿರ ಹೋದೆ.

ಅವರು ಟೀ ಕುಡಿಯುತ್ತಾ ಪೂರ್ತಿ ಕೇಳಿದರು. ಆಮೇಲೆ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು, ಮೊದಲ ಹಾಳೆಯಲ್ಲಿ ದಶಮಾಂಶ ಹೆಚ್ಚು ಮಾಡುವ ಬಟನ್ ಎರಡು ಸಲ ಒತ್ತಿದರು. 937.20, 741.24, 646.38. ಒಟ್ಟು 2324.82.

“ನೀನು ಪೈಸೆ ತೆಗೆದಿಲ್ಲ, ಪರದೆ ಎಳೆದಿದ್ದೀಯ ಅಷ್ಟೇ” ಅಂದರು.

ಎಕ್ಸೆಲ್‌ನಲ್ಲಿ ಒಂದು ಸೆಲ್‌ಗೆ ಎರಡು ಮುಖ. ಒಳಗಿರುವ ಬೆಲೆ ಒಂದು, ಹೊರಗೆ ಕಾಣಿಸುವ ರೂಪ ಇನ್ನೊಂದು. ನಾನು ಬದಲಾಯಿಸಿದ್ದು ರೂಪವನ್ನು ಮಾತ್ರ. ಒಟ್ಟು ಮಾಡುವ ಸೂತ್ರ ರೂಪವನ್ನು ನೋಡುವುದೇ ಇಲ್ಲ, ಒಳಗಿನ ಬೆಲೆಗಳನ್ನೇ ಕೂಡಿಸುತ್ತದೆ. ಮೂರು ಸಾಲುಗಳಲ್ಲೂ ಅಡಗಿದ್ದ 20, 24, 38 ಪೈಸೆಗಳು ಸೇರಿ 82 ಪೈಸೆ ಆಯಿತು. ಅದನ್ನು ತೋರಿಸುವಾಗ ಮೇಲಕ್ಕೆ ಹೋಗಿ ಒಂದು ರೂಪಾಯಿ. ಸಾಲುಗಳಲ್ಲಿ ಕಾಣದ ರೂಪಾಯಿ ಒಟ್ಟಿನಲ್ಲಿ ಕಂಡದ್ದು ಹೀಗೆ. ನನ್ನ ಪ್ರಯೋಗದ ಗುಟ್ಟೂ ಇಷ್ಟೇ. ನೋಟ್‌ಪ್ಯಾಡ್‌ಗೆ ಹೋಗುವುದು ಕಾಣುವ ರೂಪ ಮಾತ್ರ, ಪೈಸೆಗಳೆಲ್ಲ ಹಳೇ ಹಾಳೆಯಲ್ಲೇ ಉಳಿದಿದ್ದವು. ಸಿಎಸ್‌ವಿ ಫೈಲ್ ಆಗಿ ಉಳಿಸಿದರೂ ಎಕ್ಸೆಲ್ ಹೀಗೇ ಮಾಡುತ್ತದೆ.

ಆಗ ಕಾರ್ಯದರ್ಶಿಯವರ ಹಳೇ ಪುಸ್ತಕದಲ್ಲಿ ಈ ತೊಂದರೆ ಯಾಕೆ ಬರಲಿಲ್ಲ ಅನ್ನುವುದೂ ಹೊಳೆಯಿತು. ಅವರು ಗುಣಿಸಿ, ಪೈಸೆ ನೋಡಿ, ಇಡೀ ರೂಪಾಯಿ ಬರೆಯುತ್ತಿದ್ದರು. ಕೂಡುವಾಗ ಬರೆದದ್ದನ್ನೇ ಕೂಡುತ್ತಿದ್ದರು. ಕಾಗದದಲ್ಲಿ ಬರೆದ 937ರ ಹಿಂದೆ ಇನ್ನೊಂದು ಅಂಕಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಸರಿ, ಈಗ ರಿಪೇರಿ. ಇಲ್ಲೂ ಒಂದು ಸಲ ಎಡವಿದೆ. ಎಕ್ಸೆಲ್ ಸೆಟ್ಟಿಂಗ್‌ನಲ್ಲಿ `Set precision as displayed` ಅಂತ ಒಂದು ಆಯ್ಕೆ ಇದೆ, ಕಾಣುವುದನ್ನೇ ನಿಜವಾದ ಬೆಲೆ ಮಾಡಿಬಿಡುತ್ತದೆ. ಅಡ್ಡದಾರಿ ಸಿಕ್ಕಿತು ಅಂತ ಟಿಕ್ ಹಾಕಿದೆ. ಸಾಲೂ ಒಟ್ಟೂ ತಾಳೆಯಾಯಿತು, ಆದರೆ ಒಟ್ಟು ಮೊತ್ತವೇ ಹಿಂದಿಗಿಂತ ಹತ್ತಾರು ರೂಪಾಯಿ ಮೇಲಕ್ಕೆ ಹಾರಿತ್ತು. ದರದ ಕಾಲಂ ಒಂದೇ ದಶಮಾಂಶ ಕಾಣುವಂತಿತ್ತು. ಕೆಲವರ ದರ 26.45 ಇದ್ದದ್ದು 26.5 ಅಂತ ಕಾಣುತ್ತಿತ್ತು, ಈಗ ಅದು ನಿಜವಾಗಿಯೂ 26.5 ಆಗಿಬಿಟ್ಟಿತ್ತು. ಟಿಕ್ ತೆಗೆದರೂ ಆ ಐದು ಪೈಸೆ ವಾಪಸ್ ಬರುವುದಿಲ್ಲ. ಪುಣ್ಯಕ್ಕೆ ಫೈಲಿನ ನಕಲು ಇತ್ತು.

ಮೇಡಂ ಹೇಳಿದ ದಾರಿ ಸರಳ. ದುಡ್ಡು ಕೈ ಬದಲಾಯಿಸುವ ಜಾಗ ಯಾವುದೋ ಅಲ್ಲಿ, ಒಂದೇ ಸಲ, ನಿಜವಾಗಿ ರೌಂಡ್ ಮಾಡು, ಒಟ್ಟನ್ನು ಆಮೇಲೆ ಕೂಡು. ಇಲ್ಲಿ ಆ ಜಾಗ ಅಂದರೆ ಒಬ್ಬೊಬ್ಬ ಸದಸ್ಯರ ಸಾಲು. ಮೊತ್ತದ ಕಾಲಂನಲ್ಲಿ ಬರೇ ಗುಣಾಕಾರವಿದ್ದ ಕಡೆ ಹೀಗೆ ಬರೆದೆ:

```
=ROUND(B2*C2,0)
```

ಈಗ 937ರ ಒಳಗೂ 937 ಮಾತ್ರ. ಒಟ್ಟು 2324. ಹಂಚಿದ್ದೂ ಬಿಡಿಸಿದ್ದೂ ಒಂದೇ.

ಹೊಸ ಪಟ್ಟಿ ಹಿಡಿದುಕೊಂಡು ಬೆಳಗಿನ ಬಸ್ಸಲ್ಲಿ ನಾನೇ ಹೋದೆ. ಫೋನಲ್ಲಿ ಹೇಳುವ ಮುಖ ನನಗಿರಲಿಲ್ಲ. ಕಾರ್ಯದರ್ಶಿಯವರು ಮೇಜಿನ ಡ್ರಾಯರ್‌ನಿಂದ ಒಂದು ಸಣ್ಣ ಪಾಕೆಟ್ ಪುಸ್ತಕ ತೆಗೆದರು. ನನ್ನ ಪಟ್ಟಿ ಶುರುವಾದಾಗಿನಿಂದ ವಾರವಾರದ ವ್ಯತ್ಯಾಸ ಬರೆದಿಟ್ಟಿದ್ದರು: ಒಂದು ಹೆಚ್ಚು, ಸೊನ್ನೆ, ಒಂದು ಕಮ್ಮಿ, ಎರಡು ಕಮ್ಮಿ, ಒಂದು ಹೆಚ್ಚು. ನಾನು ಒಂದು ರಾತ್ರಿಯೆಲ್ಲ ಹುಡುಕಿದ್ದಕ್ಕೆ ಉತ್ತರ ಆ ಒಂದು ಪುಟದಲ್ಲೇ ಇತ್ತು. ಸೂತ್ರ ತಪ್ಪಿದ್ದರೆ ಅಥವಾ ಯಾರಾದರೂ ಕದ್ದಿದ್ದರೆ ವ್ಯತ್ಯಾಸ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ. ಹೀಗೆ ಒಂದು ವಾರ ಮೇಲೆ, ಒಂದು ವಾರ ಕೆಳಗೆ ಸಣ್ಣದಾಗಿ ತೂಗಾಡುತ್ತಿದ್ದರೆ ರೌಂಡಿಂಗ್ ಮೇಲೆ ಅನುಮಾನ ಪಡಬೇಕು. ಒಂದು ಸಾಲಿನಲ್ಲಿ ಅಡಗುವುದು ಹೆಚ್ಚೆಂದರೆ ಐವತ್ತು ಪೈಸೆ, ಅದೂ ಕೆಲವು ಸಾಲಲ್ಲಿ ಕೂಡಿ ಕೆಲವು ಸಾಲಲ್ಲಿ ಕಳೆದುಹೋಗುತ್ತದೆ. ಅರವತ್ತು ಸಾಲಿನ ಪಟ್ಟಿಗೆ ಒಂದೋ ಎರಡೋ ಮೂರೋ ರೂಪಾಯಿ ಸಹಜ. ನಲವತ್ತು ರೂಪಾಯಿ ವ್ಯತ್ಯಾಸ ಬಂದರೆ ಅದು ಬೇರೆಯೇ ರೋಗ.

ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು. “ಅಲ್ಲಪ್ಪಾ, ಮೊದಲ್ನೇ ಸಾಲಿನ ಆ ಇಪ್ಪತ್ತು ಪೈಸೆ ಈಗ ಯಾರ್ದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. `ROUND` ಹಾಕಿ ನಾನು ಲೆಕ್ಕ ತಾಳೆ ಮಾಡಿದ್ದೆ, ಆ ಇಪ್ಪತ್ತು ಪೈಸೆಯನ್ನು ಹಾಲು ಹಾಕಿದವರಿಂದ ಕಿತ್ತು ಸಂಘಕ್ಕೆ ಬಿಟ್ಟಿದ್ದೆ. ಇನ್ನೊಬ್ಬರಿಗೆ 60 ಪೈಸೆ ಇದ್ದದ್ದು ಒಂದು ರೂಪಾಯಿ ಆಗಿ ಸಂಘದಿಂದ ಹೋಗಿರುತ್ತದೆ, ವರ್ಷದಲ್ಲಿ ಸರಿಹೋಗುತ್ತದೆ ಅಂದೆ. “ಸರಿಹೋಗ್ತದೆ ಅನ್ನೋದು ಬ್ಯಾಡ, ಬರಿ” ಅಂದರು.

ಅಲ್ಲೇ ಕೂತು ಎರಡು ಕಾಲಂ ಸೇರಿಸಿದೆವು: ಹಿಂದಿನ ಬಾಕಿ ಪೈಸೆ, ಮುಂದಿನ ಬಾಕಿ ಪೈಸೆ. ಮೊದಲನೆಯವರಿಗೆ ಈ ವಾರ 937 ಕೊಟ್ಟು 20 ಪೈಸೆ ಬಾಕಿ. ಮುಂದಿನ ವಾರ ಅವರ ಲೆಕ್ಕ 912.45 ಬಂತು ಅಂದುಕೊಳ್ಳಿ, ಬಾಕಿ ಸೇರಿ 912.65, ಕೈಗೆ 913. ಈಗ ಅವರೇ ಸಂಘಕ್ಕೆ 35 ಪೈಸೆ ಬಾಕಿ, ಅದು ಅದರ ಮುಂದಿನ ವಾರ ಕಳೆಯುತ್ತದೆ. ಹೀಗೆ ಮಾಡಿದರೆ ಯಾರ ಬಾಕಿಯೂ ಯಾವತ್ತೂ ಐವತ್ತು ಪೈಸೆ ದಾಟುವುದಿಲ್ಲ. ತೊಂದರೆ ಒಂದೇ, ಯಾವುದೋ ಹಳೇ ವಾರದ ಲೀಟರ್ ತಿದ್ದಿದರೆ ಅಲ್ಲಿಂದ ಮುಂದಿನ ಪಟ್ಟಿಗಳೆಲ್ಲ ಅಲುಗಾಡುತ್ತವೆ. ಅದಕ್ಕೆ ಬಟವಾಡೆ ಆದ ಪಟ್ಟಿ ಮುಟ್ಟುವ ಹಾಗಿಲ್ಲ, ತಿದ್ದುಪಡಿ ಏನಿದ್ದರೂ ಈ ವಾರದ ಸಾಲಿನಲ್ಲಿ ಅಂತ ನಿಯಮ ಮಾಡಿಕೊಂಡೆವು.

ಪ್ರಿಂಟ್ ತೆಗೆದು ಕೊಟ್ಟೆ. “ಈ ಸಲ ಪಕ್ಕಾ ತಾಳೆ ಆಗುತ್ತೆ ಸಾರ್” ಅಂದೆ. ಅವರು “ಹೂಂ” ಅಂದು ಕನ್ನಡಕ ಹಾಕಿಕೊಂಡರು, ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡರು, ಮೊದಲನೇ ಸಾಲಿನಿಂದ ಕೂಡಲು ಶುರು ಮಾಡಿದರು. ಅರವತ್ತು ಸಾಲು ಮುಗಿಯುವ ತನಕ ನಾನು ನಿಂತೇ ಇದ್ದೆ.